ನಾಲ್ಕು ತಿಂಗಳ ಮೀಟಿಂಗು

ಕಳೆದ ವಾರ ಕಾರವಾರದಲ್ಲಿ ಹೊಸ ಕೆಲಸಕ್ಕೆ ಸೇರಿದ್ದೇನೆ. ಶುಭ ಕೋರಿದ ಎಲ್ಲರಿಗೂ ವಂದನೆಗಳು. ಆದರೆ ಈ ಬರಹ ಮುಖ್ಯವಾಗಿ ನನ್ನ ಹೆಂಡತಿಗೆ ಸಲ್ಲಬೇಕಾದದ್ದು.

ಏಳು ವರ್ಷ ದುಡಿದ ಬೆಂಗಳೂರಿನ ಕಂಪನಿ ಆಗಸ್ಟಿನಲ್ಲಿ ನನ್ನನ್ನು ಕೆಲಸದಿಂದ ತೆಗೆಯಿತು. ಶಿರಸಿ ಸಮೀಪದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಮುಚ್ಚಿಡುವುದು ಸುಲಭವಾಯಿತು. ಬೆಳಿಗ್ಗೆ ಆಸರಿ ಕುಡಿದು ಮಾಳಿಗೆ ಹತ್ತಿ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. ಯಾರಾದರೂ ಬಂದರೆ ಮೀಟಿಂಗು. ನೆಂಟರು ಮಧ್ಯಾಹ್ನವೇ ನಾನು ಅಂಗಳದಲ್ಲಿ ಅಡ್ಡಾಡುವುದನ್ನು ಕಂಡರೆ, ನೆಟ್‌ವರ್ಕ್ ಇಲ್ಲ ಎನ್ನುತ್ತಿದ್ದೆ. ನಮ್ಮೂರಿನಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಅವಳು ಮೊದಲ ದಿನವೇ ಹೇಳಿದ್ದಳು: "ನಿಮ್ಮ ಸಲುವಾಗಿ ನಾನು ಸುಳ್ಳು ಹೇಳಲಾರೆ, ಆದರೆ ನಿಮಗಿಂತ ಮೊದಲು ಬಾಯಿ ಬಿಡುವುದೂ ಇಲ್ಲ." ಸಹಕಾರಿ ಸಂಘದಲ್ಲಿ ಅವಳಿಗೆ ಬರುವ ಸಂಬಳದಲ್ಲೇ ಮನೆ ನಡೆಯಿತು.

ನಾಚಿಕೆಗೆ ಬೆಲೆಯೂ ಇದೆ ಎಂದು ತೋರಿಸಿದವಳೂ ಅವಳೇ. ಹಳೆಯ ಕಚೇರಿಗೆ ಫೋನು ಮಾಡಲು ಮುಖವಿಲ್ಲದೆ ನಾನು ಗ್ರಾಚ್ಯುಟಿಯನ್ನು ಕೇಳಿಯೇ ಇರಲಿಲ್ಲ. ಕೆಲಸದಿಂದ ತೆಗೆದವರಿಗೆ ಅದು ಸಿಗುವುದಿಲ್ಲವೆಂದು ನನ್ನಷ್ಟಕ್ಕೆ ನಂಬಿಕೊಂಡಿದ್ದೆ. ಐದು ವರ್ಷ ಸತತವಾಗಿ ದುಡಿದಿದ್ದರೆ, ಸಿಬ್ಬಂದಿ ಕಡಿತದಲ್ಲಿ ಹೊರಬಿದ್ದವರಿಗೂ ಅದು ಹಕ್ಕು. ಅವಳು ಕ್ಯಾಲೆಂಡರಿನ ಹಿಂಬದಿಯಲ್ಲೇ ಲೆಕ್ಕ ಹಾಕಿದಳು: ಕೊನೆಯ ಮೂಲ ವೇತನ 26,000 ರೂಪಾಯಿ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000, ಏಳು ವರ್ಷಕ್ಕೆ 1,05,000. ಅರ್ಜಿಗೆ ನಾನು ಸಹಿ ಹಾಕುವವರೆಗೂ ಅವಳು ಎದುರಿನಿಂದ ಏಳಲಿಲ್ಲ. ಹಣ ತಿಂಗಳೊಳಗೆ ಬಂತು.

ಡಿಸೆಂಬರಿನಲ್ಲಿ ಕೊನೆಕೊಯ್ಲು. ರಾತ್ರಿ ಅಡಿಕೆ ಸುಲಿಯಲು ಅತ್ತೆ, ಚಿಕ್ಕಪ್ಪ, ಭಾವ ಎಲ್ಲರೂ ಮೆಟ್ಟುಗತ್ತಿಗಳ ಮೇಲೆ ಸಾಲಾಗಿ ಕುಳಿತಿದ್ದರು. ಭಾವ ತಮ್ಮ ಮಗನಿಗೆ ನನ್ನ ಕಂಪನಿಯಲ್ಲೇ ಕೆಲಸ ಕೊಡಿಸಬಹುದೇ ಎಂದು ಕೇಳಿದರು. ನನ್ನ ಕೈ ನಿಂತಿತು. ಪಕ್ಕದಲ್ಲಿದ್ದ ಅವಳು ಏನೂ ಹೇಳದೆ, ತಾನು ಸುಲಿಯುತ್ತಿದ್ದ ಅಡಿಕೆಯನ್ನು ಕೆಳಗಿಟ್ಟು ನನ್ನ ಕಡೆಗೆ ತಿರುಗಿ ಕುಳಿತಳು, ಅಷ್ಟೆ. "ಭಾವ, ಆಗಸ್ಟಿನಲ್ಲೇ ನನ್ನ ಕೆಲಸ ಹೋಯಿತು" ಎಂದೆ. ಚಿಕ್ಕಪ್ಪ, ನನಗೆ ಅತಿ ಹೆಚ್ಚು ಹೆದರಿಕೆಯಿದ್ದವರು, "ಹಾಗಾದರೆ ನಾಳೆಯಿಂದ ಹಗಲಿಗೂ ಸುಲಿಯಲು ಬಾ" ಎಂದರು. ಅತ್ತೆ ಮಾತ್ರ ಮುಂದಿನ ಎರಡು ಸಮಾರಂಭಗಳಲ್ಲಿ ಅದನ್ನು ಊರಿಗೆಲ್ಲ ಹೇಳಿದರು. ಅದೂ ಒಂದು ಲೆಕ್ಕದಲ್ಲಿ ಉಪಕಾರವೇ ಆಯಿತು, ನಾನು ಹೇಳುವ ಕೆಲಸ ಉಳಿಯಿತು. ಕಾರವಾರದ ಈ ಕೆಲಸದ ಸುದ್ದಿ ತಂದವರು ಆ ಭಾವನೇ.

ಇದನ್ನು ಹಾಕುವ ಮೊದಲು ಅವಳಿಗೆ ಓದಲು ಕೊಟ್ಟೆ. ಶೀರ್ಷಿಕೆಯಲ್ಲಿ ನಾನು ಆರು ತಿಂಗಳು ಎಂದು ಬರೆದಿದ್ದೆ. ಅವಳು ಬೆರಳು ಮಡಚಿ ಎಣಿಸಿ, ನಾಲ್ಕು ಎಂದು ತಿದ್ದಿದಳು.