ಆಹಾರ ಸುರಕ್ಷತಾ ಆಯುಕ್ತರಿಗೆ: ಬಜ್ಜಿಗೆ ಅಂಟಿದ ಅಕ್ಷರಗಳ ಬಗ್ಗೆ

ಮಾನ್ಯ ಆಯುಕ್ತರೇ,

ನಾನು ದಾವಣಗೆರೆಯವನು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನದಿದ್ದರೆ ದಿನ ಮುಗಿದಂತೆ ಅನಿಸದ ಊರು ನಮ್ಮದು. ಮೊನ್ನೆ ಪತ್ರಿಕೆಯ ತುಂಡಿನಲ್ಲಿ ಕಟ್ಟಿಕೊಟ್ಟ, ಮಗಳ ಕೈಯಲ್ಲಿದ್ದ ಬಜ್ಜಿಯನ್ನು ತಿರುಗಿಸಿ ನೋಡಿದೆ. ಕೆಳಗಡೆ ಹಿಟ್ಟಿನ ಮೇಲೆ ನಾಲ್ಕೈದು ಅಕ್ಷರಗಳು ತಿರುಗುಮುರುಗಾಗಿ ಮೂಡಿದ್ದವು, ಕನ್ನಡಿಯಲ್ಲಿ ಕಂಡ ಹಾಗೆ.

ಪತ್ರಿಕೆಯ ಶಾಯಿ ಬಣ್ಣದಂತೆ ಒಣಗಿ ಗಟ್ಟಿಯಾಗುವುದಿಲ್ಲ. ಸಾಮಾನ್ಯವಾಗಿ ಅದರೊಳಗಿನ ಖನಿಜ ತೈಲವನ್ನು ಕಾಗದ ಹೀರಿಕೊಳ್ಳುತ್ತದೆ, ಕಪ್ಪು ಮಸಿಯ ಪುಡಿ ಮೇಲೆಯೇ ಉಳಿಯುತ್ತದೆ. ಬೆಳಗಿನ ಪೇಪರ್ ಮೇಲೆ ಬೆರಳುಜ್ಜಿದರೆ ಕಪ್ಪಾಗುವುದು ಇದಕ್ಕೇ. ಬಾಣಲೆಯಿಂದ ಆಗಷ್ಟೇ ತೆಗೆದ ಬಜ್ಜಿಯ ಕಾದ ಎಣ್ಣೆ ಎರಡನ್ನೂ ಎಳೆದುಕೊಳ್ಳುತ್ತದೆ. ಮಸಿಯಾದರೂ ಕಣ್ಣಿಗೆ ಕಾಣುತ್ತದೆ, ಖನಿಜ ತೈಲ ಕಾಣುವುದೇ ಇಲ್ಲ. ಹಾಗಾಗಿ ಅಕ್ಷರ ಮೂಡದ ಬಜ್ಜಿಯೂ ಶುದ್ಧ ಎನ್ನುವಂತಿಲ್ಲ. ರದ್ದಿಯಿಂದ ಮಾಡಿದ ಖಾಲಿ ಕಾಗದದಲ್ಲೂ ಹಳೆಯ ಶಾಯಿಯ ಅಂಶ ಉಳಿದಿರುತ್ತದೆ. ಒಂದು ದಿನ ತಿಂದರೆ ಯಾರೂ ಕಾಯಿಲೆ ಬೀಳುವುದಿಲ್ಲ, ನಿಜ. ನನ್ನ ಚಿಂತೆ ದಿನಾ ತಿನ್ನುವವರದು, ಅದರಲ್ಲೂ ಮಕ್ಕಳದು.

ಕಾನೂನು ಇಲ್ಲವೆಂದಲ್ಲ. 2018ರ ಪ್ಯಾಕೇಜಿಂಗ್ ನಿಯಮಗಳು ಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು ನಿಷೇಧಿಸಿವೆ. ಕರಿದ ತಿಂಡಿಯ ಎಣ್ಣೆ ಹೀರಿಸಲೂ ಅದನ್ನು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಹೇಳಿದೆ. ಆದರೂ ಗಾಡಿಯವರು ಯಾಕೆ ಬಿಡುತ್ತಿಲ್ಲ? ಲೆಕ್ಕ ಹಾಕಿ ನೋಡಿದೆ. ಪತ್ರಿಕೆಯ ಪೂರ್ತಿ ಬಿಚ್ಚಿದ ಹಾಳೆ ಸುಮಾರು 17 ಗ್ರಾಂ ತೂಗುತ್ತದೆ. ಕೆಜಿಗೆ ಐವತ್ತೆಂಟು ಹಾಳೆ, ಒಂದೊಂದನ್ನು ಎಂಟು ತುಂಡು ಮಾಡಿದರೆ ನಾನೂರೈವತ್ತು ದಾಟುತ್ತದೆ. ರದ್ದಿ ಕೆಜಿಗೆ 25 ರೂಪಾಯಿ ಎಂದುಕೊಂಡರೂ ತುಂಡಿಗೆ ಐದಾರು ಪೈಸೆ. ಇಷ್ಟು ಅಗ್ಗದ್ದು ಬೇರೆ ಏನು ಸಿಗುತ್ತದೆ? ನಮ್ಮ ಬಜ್ಜಿಯಣ್ಣನನ್ನೇ ಕೇಳಿದೆ. "ಪ್ಲೇಟ್ ಕೊಟ್ರೆ ತೊಳೆಯಾಕೆ ನೀರು ಎಲ್ಲಿಂದ ತರ್ಲಿ ಸಾರ್?" ಎಂದ. ದಂಡ ಹಾಕಿದರೆ ಈ ಪ್ರಶ್ನೆ ಹಾಗೇ ಉಳಿಯುತ್ತದೆ.

ಆದ್ದರಿಂದ ಎರಡು ಕೆಲಸ ಬೇರೆಬೇರೆಯಾಗಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಎಣ್ಣೆ ಬಸಿಯಲು ಕಾಗದವೇ ಬೇಡ. ತೂತಿನ ಸ್ಟೀಲ್ ತಟ್ಟೆ, ಅದರ ಕೆಳಗೊಂದು ಬೋಗುಣಿ ಸಾಕು. ಕಾಗದದ ಮೇಲೆ ರಾಶಿ ಹಾಕಿದ ಬಜ್ಜಿ ತನ್ನ ಹಬೆಗೇ ಮೆತ್ತಗಾಗುತ್ತದೆ, ಜಾಲರಿಯ ಮೇಲೆ ಗರಿಗರಿಯಾಗೇ ಇರುತ್ತದೆ. ವ್ಯಾಪಾರಿಗೆ ಈ ಮಾತು ಬೇಗ ನಾಟುತ್ತದೆ. ಕೊಡುವುದಕ್ಕೆ ಬಾಳೆಲೆ ತುಂಡು, ಮುತ್ತುಗದ ಎಲೆ ಇವೆ. ಇವನ್ನು ಸಗಟು ದರದಲ್ಲಿ ತರಿಸಲು ಬೀದಿ ವ್ಯಾಪಾರಿಗಳ ವಿಷಯ ನೋಡಿಕೊಳ್ಳುವ ಪಾಲಿಕೆಯ ಪಟ್ಟಣ ಮಾರಾಟ ಸಮಿತಿಯನ್ನು ಜೊತೆಗೆ ಕರೆದುಕೊಳ್ಳಿ. ಗಾಡಿಯವರ ನೋಂದಣಿ ಮಾಡುವ ದಿನವೇ ಅವರ ಕೈಗೊಂದು ಬಸಿಯುವ ತಟ್ಟೆ ಕೊಡಿಸಿ.

ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು 2025ರಲ್ಲಿ ತಡೆಯಲು ಹೊರಟದ್ದು ನಮ್ಮದೇ ರಾಜ್ಯ. ಅದೇ ಕಾಳಜಿ ಬಜ್ಜಿ ಗಾಡಿಯ ತನಕವೂ ಬರಲಿ. ದಾವಣಗೆರೆಯಲ್ಲಿ ಹತ್ತು ಗಾಡಿಗಳಿಂದ ಶುರು ಮಾಡುವುದಾದರೆ, ಆ ಹತ್ತು ತಟ್ಟೆಗಳ ಖರ್ಚು ನನ್ನದು.

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ತಂದೆ