ಪೆನ್ಶನ್ ಚೀಟಿಯಲ್ಲಿ ಒಂದು ತಾರೀಖು ಕಾಣೆಯಾಗಿದೆ: ಕೇಂದ್ರ ಪಿಂಚಣಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು, 2018ರ ಮೇ ಕೊನೆಗೆ ನಿವೃತ್ತನಾದವನು. ಪ್ರತಿ ತಿಂಗಳು ಬ್ಯಾಂಕಿನಿಂದ ಬರುವ ಪೆನ್ಶನ್ ಚೀಟಿಯಲ್ಲಿ ಒಂದು ಸಾಲು ಸೇರಿಸಿ ಎಂದು ಕೇಳಲು ಈ ಪತ್ರ. ಅದು ಯಾಕೆ ಬೇಕು ಅನ್ನೋದು ನನಗೆ ಹೊಳೆದದ್ದು, ಎಂಟನೇ ಕ್ಲಾಸಿನ ನನ್ನ ಮೊಮ್ಮಗ ಆ ಚೀಟಿ ಹಿಡಿದು ಕೂತಾಗ.

ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ದುಂಡು ಅಂಕಿ ಕೊಡುತ್ತೇನೆ. ಮೂಲ ಪಿಂಚಣಿ 20,000. ಕಮ್ಯುಟೇಶನ್ ಕಡಿತ, ಅಂದರೆ ಪಿಂಚಣಿಯ ಒಂದು ಭಾಗ ಮಾರಿದ್ದಕ್ಕೆ ಹಿಡಿಯುವುದು, 8,000. ಡಿ.ಆರ್., ಅಂದರೆ ತುಟ್ಟಿ ಪರಿಹಾರ, ಶೇ. 58ರಂತೆ 11,600. ವೈದ್ಯಕೀಯ ಭತ್ಯೆ 1,000. ಕೈಗೆ ಬರುವುದು 24,600.

ಮೂಲ ಪಿಂಚಣಿ ಅವನಿಗೆ ಬೇಗ ತಿಳಿಯಿತು. ಕೊನೆಯ ಮೂಲ ಸಂಬಳದ ಅರ್ಧ, ಅಷ್ಟೇ. ಡಿ.ಆರ್. ಹತ್ತಿರ ಬಂದು ನಿಂತ. "ತಾತ, ಇದು ತಪ್ಪು. ಎಂಟು ಸಾವಿರ ಹಿಡಿದ ಮೇಲೆ ನಿಮಗೆ ಉಳಿದಿದ್ದು 12,000. ಅದರ ಶೇ. 58 ಅಂದ್ರೆ 6,960 ಅಲ್ವಾ?" ಪ್ರಶ್ನೆ ಸರಿಯಾಗೇ ಇತ್ತು. ಬೆಲೆ ಏರಿಕೆಗೆ ಕೊಡುವ ಈ ಪರಿಹಾರವನ್ನು ಕಡಿತಕ್ಕೆ ಮುಂಚಿನ ಪೂರ್ತಿ 20,000ದ ಮೇಲೆ ಲೆಕ್ಕ ಹಾಕುತ್ತಾರೆ ಅಂದೆ. "ಹಾಗಂತ ಇಲ್ಲಿ ಎಲ್ಲಿ ಬರೆದಿದೆ?" ಅಂದ. ಬರೆದಿರಲಿಲ್ಲ.

"ಹೆಚ್ಚುವರಿ ಪಿಂಚಣಿ" ಮುಂದೆ ಸೊನ್ನೆ ಯಾಕೆ ಅಂತಲೂ ಕೇಳಿದ. ಎಂಬತ್ತು ತುಂಬಿದರೆ ಮೂಲ ಪಿಂಚಣಿಯ ಶೇ. 20 ಜಾಸ್ತಿ, ನೂರು ತುಂಬಿದರೆ ಇನ್ನೊಂದು ಪೂರ್ತಿ ಪಿಂಚಣಿ ಅಂದೆ. ನೂರರವರೆಗೆ ಇರಲೇಬೇಕು ತಾತ ಅಂದುಬಿಟ್ಟ.

ಕಷ್ಟವಾದದ್ದು 8,000ದ ಸಾಲು. ನಿವೃತ್ತಿಯ ವೇಳೆ ಪಿಂಚಣಿಯ ಶೇ. 40ರವರೆಗೆ ಮಾರಿ, ಒಟ್ಟಿಗೆ ಹಣ ಪಡೆಯಬಹುದು. ನಾನು ಅಷ್ಟನ್ನೂ ಮಾರಿದೆ. ಅರವತ್ತಕ್ಕೆ ನಿವೃತ್ತರಾದವರಿಗೆ ಕೋಷ್ಟಕದಲ್ಲಿರುವ ಗುಣಕ 8.194. ಅಂದರೆ 8,000 × 12 × 8.194, ಒಟ್ಟು 7,86,624 ರೂಪಾಯಿ. ಹುಡುಗ ಪೆನ್ಸಿಲ್ ಹಿಡಿದು ಭಾಗಿಸಿದ. "ಎಂಟು ವರ್ಷ ಎರಡು ತಿಂಗಳು ಕಳೆದ್ರೆ ತೀರಿಹೋಗುತ್ತೆ. ಆಮೇಲೂ ಯಾಕೆ ಹಿಡೀತಾರೆ?"

ಹಣ ಮೊದಲೇ ಬಂದಿದೆಯಲ್ಲ, ಅದಕ್ಕೆ ಬಡ್ಡಿ ಇದೆ ಪುಟ್ಟಾ ಅಂದೆ. ನಡುವೆ ನಾನು ತೀರಿಕೊಂಡರೆ ಬಾಕಿಯನ್ನು ಯಾರೂ ವಸೂಲಿ ಮಾಡೋದಿಲ್ಲ, ಅಜ್ಜಿಯ ಕುಟುಂಬ ಪಿಂಚಣಿಯಲ್ಲೂ ಒಂದು ರೂಪಾಯಿ ಹಿಡಿಯೋದಿಲ್ಲ ಅಂತಲೂ ಹೇಳಿದೆ. ಈ ಕಡಿತ ಹದಿನೈದು ವರ್ಷ ನಡೆಯುತ್ತದೆ, ಒಟ್ಟು 14,40,000 ಆಗುತ್ತದೆ. ಅದು ನ್ಯಾಯವೇ ಅನ್ನೋದು ಬೇರೆ ಚರ್ಚೆ, ಇವತ್ತು ಅದನ್ನು ಎತ್ತೋದಿಲ್ಲ.

ಅವನ ಕೊನೆಯ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ. "ಹದಿನೈದು ವರ್ಷ ಯಾವಾಗ ಮುಗಿಯುತ್ತೆ?" ಚೀಟಿಯಲ್ಲಿ ಅದಿಲ್ಲ. ಹದಿನೈದು ವರ್ಷಕ್ಕೆ ಮಾರಿದ ಭಾಗ ವಾಪಸ್ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ಆದರೆ ಈ ಹದಿನೈದು ವರ್ಷವನ್ನು ಎಣಿಸುವುದು ಕಡಿತ ಶುರುವಾದ ದಿನದಿಂದ. ಒಟ್ಟು ಹಣ ತಡವಾಗಿ ಬಂದವರಿಗೆ ಅದು ನಿವೃತ್ತಿಯ ತಾರೀಖಿಗಿಂತ ತಿಂಗಳುಗಟ್ಟಲೆ ಆಚೆಗಿರಬಹುದು. ನನ್ನದು 2018ರ ಜೂನ್‌ನಲ್ಲಿ ಶುರುವಾಯಿತು, 2033ರ ಜೂನ್‌ಗೆ ನಿಲ್ಲಬೇಕು. ಪಿಂಚಣಿ ಪಾವತಿ ಆದೇಶ ಪಿ.ಪಿ.ಒ. ಮತ್ತು ಹಳೆಯ ಪಾಸ್‌ಬುಕ್ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದ್ದಕ್ಕೆ ಇದು ಗೊತ್ತಾಯಿತು.

ನನ್ನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಮಗನ ಊರಿಗೆ ಹೋದಾಗ ಖಾತೆಯನ್ನು ಬೇರೆ ಬ್ಯಾಂಕಿಗೆ ಬದಲಾಯಿಸಿದರು. ಒಟ್ಟು ಹಣ ಪಾವತಿಯಾದ ತಾರೀಖು ಕಾಗದಗಳ ಜೊತೆ ಹೋಗಲಿಲ್ಲ. ಹದಿನೈದು ವರ್ಷ ದಾಟಿದರೂ ಕಡಿತ ನಿಲ್ಲಲಿಲ್ಲ. ಅವರಿಗೂ ತಿಳಿಯಲಿಲ್ಲ, ಯಾಕೆಂದರೆ ಡಿ.ಆರ್. ಏರುತ್ತಲೇ ಇರುತ್ತದೆ, ಕೈಗೆ ಬರುವ ಮೊತ್ತವೂ ಏರುತ್ತದೆ. ಕಡಿತ ನಿಂತಿತೋ ಇಲ್ಲವೋ ಅನ್ನೋದು ಆ ಏರಿಕೆಯಲ್ಲಿ ಮುಚ್ಚಿಹೋಗುತ್ತದೆ. ಕೊನೆಗೆ ಅರ್ಜಿ ಕೊಟ್ಟು, ಹಳೆಯ ಪಾಸ್‌ಬುಕ್ ತೋರಿಸಿ ಬಾಕಿ ಪಡೆದರು. ಆ ಪಾಸ್‌ಬುಕ್ ಕಳೆದಿದ್ದರೆ ಏನು ಗತಿ?

ಆದ್ದರಿಂದ ಕಮ್ಯುಟೇಶನ್ ಕಡಿತದ ಕೆಳಗೇ, ಕಡಿತ ಶುರುವಾದ ದಿನ ಮತ್ತು ಪೂರ್ತಿ ಪಿಂಚಣಿ ಮರಳುವ ದಿನ, ಇವೆರಡನ್ನೂ ಅಚ್ಚು ಹಾಕಿಸಿ. ಡಿ.ಆರ್. ಪಕ್ಕದಲ್ಲಿ ಅದು ಯಾವ ಮೊತ್ತದ ಮೇಲಿನ ಲೆಕ್ಕ ಅನ್ನೋದನ್ನೂ ನಮೂದಿಸಿ. ತಾರೀಖು ಬ್ಯಾಂಕಿನ ದಾಖಲೆಯಲ್ಲಿ ಇಲ್ಲದಿದ್ದರೆ ಆ ಜಾಗ ಖಾಲಿ ಬಿಟ್ಟೇ ಚೀಟಿ ಕಳಿಸಿ, ಪರವಾಗಿಲ್ಲ. ಖಾಲಿ ಕಂಡವರು ಪಾಸ್‌ಬುಕ್ ಇನ್ನೂ ಕೈಯಲ್ಲಿರುವಾಗಲೇ ಹೋಗಿ ಅದನ್ನು ತುಂಬಿಸಿಕೊಳ್ಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗುಮಾಸ್ತ