ಎಯುಸಿ ಲೆಕ್ಕದ ವಿಧಾನದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನೀವು ಕಳುಹಿಸುವ ರಕ್ತದ ಮಾದರಿಗಳಲ್ಲಿ ಔಷಧದ ಸಾಂದ್ರತೆಯನ್ನು ಅಳೆದು, ಆ ಅಳತೆಗಳಿಂದ ಸಾಂದ್ರತೆ-ಕಾಲ ರೇಖೆಯ ಕೆಳಗಿನ ವಿಸ್ತೀರ್ಣವನ್ನು, ಅಂದರೆ ಎಯುಸಿಯನ್ನು, ಲೆಕ್ಕ ಹಾಕಲು ನಾವು ಇದುವರೆಗೆ ಎಲ್ಲ ಅವಧಿಗಳಿಗೂ ಸರಳ ತ್ರಾಪಿಜ್ಯ ಸೂತ್ರವನ್ನೇ ಬಳಸುತ್ತಿದ್ದೆವು. ಮುಂದಿನ ತಿಂಗಳ ಮೊದಲ ದಿನದಿಂದ ನಮ್ಮಲ್ಲಿ ನೋಂದಣಿಯಾಗುವ ಅಧ್ಯಯನಗಳಲ್ಲಿ, ಸಾಂದ್ರತೆ ಏರುವ ಅವಧಿಗಳಿಗೆ ಅದೇ ಸೂತ್ರ ಉಳಿಯುತ್ತದೆ. ಇಳಿಯುವ ಅವಧಿಗಳಿಗೆ ಲಾಗರಿದಮ್ ಸೂತ್ರ ಬರುತ್ತದೆ.

ಒಂದು ಮಾದರಿ ತಪ್ಪಿಹೋದ ವ್ಯಕ್ತಿಯ ಎಯುಸಿ ಏಕೆ ಹೆಚ್ಚಾಗಿ ಕಾಣುತ್ತದೆ ಎಂದು ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆಯೇ ಈ ಬದಲಾವಣೆಗೆ ಕಾರಣ. ಪ್ರಶ್ನೆ ನ್ಯಾಯವಾದುದು. ಅದನ್ನು ವಿವರಿಸಲು ಒಂದು ಮಾದರಿ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇವೆ.

ಬಾಯಿಯ ಮೂಲಕ ಔಷಧ ಪಡೆದ ಒಬ್ಬರ ರಕ್ತದಲ್ಲಿ ಆರಂಭದಲ್ಲಿ 0, ನಂತರ 1, 2, 4, 8 ಮತ್ತು 12ನೇ ಗಂಟೆಗಳಲ್ಲಿ ಕ್ರಮವಾಗಿ 6, 10, 8, 4 ಮತ್ತು 2 ಮಿಲಿಗ್ರಾಂ (ಪ್ರತಿ ಲೀಟರಿಗೆ) ಔಷಧ ಸಿಕ್ಕಿತೆಂದು ಇಟ್ಟುಕೊಳ್ಳಿ. ಹಳೆಯ ವಿಧಾನದಲ್ಲಿ ಅಕ್ಕಪಕ್ಕದ ಎರಡು ಅಳತೆಗಳ ಸರಾಸರಿಯನ್ನು ಅವುಗಳ ನಡುವಿನ ಗಂಟೆಗಳಿಂದ ಗುಣಿಸುತ್ತೇವೆ. ಹಾಗೆ ಬರುವ 3, 8, 18, 24 ಮತ್ತು 12ನ್ನು ಕೂಡಿದರೆ ಮೊತ್ತ 65. ಈಗ 8ನೇ ಗಂಟೆಯ ಮಾದರಿ ಹೆಪ್ಪುಗಟ್ಟಿ ಹಾಳಾಯಿತು ಎನ್ನೋಣ. 4ರಿಂದ 12ರವರೆಗಿನ ಎಂಟು ಗಂಟೆಗಳಿಗೆ 8 ಮತ್ತು 2ರ ಸರಾಸರಿ 5 ಆಗುವುದರಿಂದ ಆ ಭಾಗವೊಂದೇ 40 ಆಗುತ್ತದೆ, ಒಟ್ಟು ಮೊತ್ತ 69ಕ್ಕೆ ಏರುತ್ತದೆ. ವ್ಯಕ್ತಿಯ ದೇಹದಲ್ಲಿ ಏನೂ ಬದಲಾಗಿಲ್ಲ, ಕಳೆದುಹೋಗಿದ್ದು ಒಂದು ನಳಿಕೆ ಮಾತ್ರ. ಆದರೂ ಎಯುಸಿ ಶೇಕಡಾ 6ರಷ್ಟು ಹೆಚ್ಚಿತು.

ಬಹುತೇಕ ಔಷಧಗಳು ರಕ್ತದಿಂದ ಹೊರಹೋಗುವಾಗ ಸಮಾನ ಕಾಲದಲ್ಲಿ ಸಮಾನ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ, ಸಮಾನ ಅನುಪಾತದಲ್ಲಿ ಕಡಿಮೆಯಾಗುತ್ತವೆ. ಮೇಲಿನ ಉದಾಹರಣೆಯಲ್ಲಿ 4ನೇ ಗಂಟೆಯ ನಂತರ ಪ್ರತಿ ನಾಲ್ಕು ಗಂಟೆಗೊಮ್ಮೆ ಸಾಂದ್ರತೆ ಅರ್ಧವಾಗುತ್ತಿದೆ. ಇಂಥ ರೇಖೆ ಕೆಳಮುಖವಾಗಿ ಜೋತುಬಿದ್ದಿರುತ್ತದೆ. ಎರಡು ಬಿಂದುಗಳ ನಡುವೆ ಬಿಗಿಯಾಗಿ ಎಳೆದ ಸರಳರೇಖೆ ಸದಾ ಅದರ ಮೇಲೆಯೇ ಇರುತ್ತದೆ, ಮತ್ತು ಬಿಂದುಗಳು ದೂರವಾದಷ್ಟೂ ಹೆಚ್ಚು ಮೇಲೆ. ಆದ್ದರಿಂದ ಇಳಿಯುವ ಅವಧಿಗೆ ಈ ಸೂತ್ರವನ್ನು ಬಳಸುತ್ತೇವೆ; ಇದರಲ್ಲಿ C1, C2 ಅಕ್ಕಪಕ್ಕದ ಎರಡು ಅಳತೆಗಳು, t1, t2 ಅವುಗಳ ವೇಳೆಗಳು, ln ಸಹಜ ಲಾಗರಿದಮ್:

```
(C1 - C2) * (t2 - t1) / ln(C1 / C2)
```

ಇದರಂತೆ 2ರಿಂದ 4ನೇ ಗಂಟೆಯವರೆಗಿನ ಭಾಗ 17.93, ನಂತರದ ಎರಡು ಭಾಗಗಳು 23.08 ಮತ್ತು 11.54, ಏರುವ ಅವಧಿಗಳ 3 ಮತ್ತು 8 ಸೇರಿ ಒಟ್ಟು 63.55. ಇಲ್ಲಿ 8ನೇ ಗಂಟೆಯ ಮಾದರಿಯನ್ನು ಬಿಟ್ಟರೂ 4ರಿಂದ 12ರವರೆಗಿನ ಭಾಗ 34.62 ಆಗಿ, ಮೊತ್ತ ಅದೇ 63.55 ಉಳಿಯುತ್ತದೆ. ನಿಜವಾದ ಮಾದರಿಗಳಲ್ಲಿ ಹೊಂದಿಕೆ ಇಷ್ಟು ಚೊಕ್ಕವಾಗಿರುವುದಿಲ್ಲವೆಂಬುದನ್ನು ನಾವು ಮರೆಮಾಚುವುದಿಲ್ಲ.

ಎರಡು ಅಳತೆಗಳು ಸಮವಾಗಿದ್ದರೆ ಅಥವಾ ಒಂದು ಸೊನ್ನೆಯಾಗಿದ್ದರೆ ಈ ಸೂತ್ರ ಕೆಲಸ ಮಾಡದು; ಅಲ್ಲಿ ಸರಳ ಸೂತ್ರಕ್ಕೇ ಮರಳುತ್ತೇವೆ. ದೇಹದ ಕಿಣ್ವಗಳು ತುಂಬಿಹೋಗಿ ಔಷಧ ಗಂಟೆಗೆ ಇಂತಿಷ್ಟೇ ಎಂಬಂತೆ ಇಳಿಯುವ ಸಂದರ್ಭದಲ್ಲಿ, ಉದಾಹರಣೆಗೆ ಹೆಚ್ಚಿನ ಪ್ರಮಾಣದ ಫೆನಿಟಾಯಿನ್‌ನಲ್ಲಿ, ಇಳಿಜಾರು ಸರಳರೇಖೆಗೆ ಹತ್ತಿರವಾಗಿರುತ್ತದೆ. ಅಲ್ಲಿ ಲಾಗರಿದಮ್ ಸೂತ್ರವೇ ಕಡಿಮೆ ತೋರಿಸುತ್ತದೆ. ಅಂಥ ಔಷಧವಾಗಿದ್ದರೆ ದಯವಿಟ್ಟು ಮಾದರಿಯೊಂದಿಗೆ ತಿಳಿಸಿ.

ಕೊನೆಯ ಅಳತೆಯ ನಂತರದ ಬಾಲದ ಭಾಗವನ್ನು ಮೊದಲಿನಂತೆಯೇ, ಕೊನೆಯ ಸಾಂದ್ರತೆಯನ್ನು ಇಳಿಕೆಯ ದರದಿಂದ ಭಾಗಿಸಿ ಸೇರಿಸುತ್ತೇವೆ. ಮೇಲಿನವರಲ್ಲಿ ಅದು 2ನ್ನು 0.1733ರಿಂದ ಭಾಗಿಸಿದಾಗ 11.54, ಅಂದರೆ ಒಟ್ಟು 75.09ರಲ್ಲಿ ಶೇಕಡಾ 15. ಇದು ಶೇಕಡಾ 20 ಮೀರಿದರೆ ವರದಿಯಲ್ಲಿ ಗುರುತು ಹಾಕುತ್ತೇವೆ. ಆದರೆ ಇಳಿಕೆಯ ದರಕ್ಕೆ ಗರಿಷ್ಠ ಬಿಂದುವಿನ ನಂತರದ ಕನಿಷ್ಠ ಮೂರು ಅಳತೆಗಳು ಬೇಕು. 8ನೇ ಗಂಟೆಯ ಮಾದರಿ ಹಾಳಾದವರಲ್ಲಿ ಉಳಿಯುವುದು ಎರಡೇ. ಎರಡು ಬಿಂದುಗಳ ಮೂಲಕ ರೇಖೆ ಯಾವಾಗಲೂ ಸರಿಯಾಗಿಯೇ ಹಾಯುವುದರಿಂದ ಅದು ನಿಜವೋ ಅಲ್ಲವೋ ತಿಳಿಯದು. ಅಂಥವರಿಗೆ 12ನೇ ಗಂಟೆಯವರೆಗಿನ ಎಯುಸಿಯನ್ನು ಮಾತ್ರ ಕೊಡುತ್ತೇವೆ, ಹೊಸ ಸೂತ್ರವೂ ಇದನ್ನು ಸರಿಪಡಿಸಲಾರದು.

ಈಗಾಗಲೇ ಆರಂಭವಾಗಿರುವ ಅಧ್ಯಯನಗಳು ಹಳೆಯ ವಿಧಾನದಲ್ಲೇ ಮುಗಿಯುತ್ತವೆ, ಏಕೆಂದರೆ ಒಂದೇ ಅಧ್ಯಯನದೊಳಗೆ ಎರಡು ವಿಧಾನಗಳನ್ನು ಬೆರೆಸಿದರೆ ವಿಧಾನದ ವ್ಯತ್ಯಾಸವೇ ಔಷಧದ ವ್ಯತ್ಯಾಸದಂತೆ ಕಾಣಬಹುದು. ಹಳೆಯ ವರದಿಯೊಂದನ್ನು ಹೊಸದರೊಂದಿಗೆ ಹೋಲಿಸಬೇಕಾದವರು ಕೇಳಿದರೆ, ಮೂಲ ಅಳತೆಗಳಿಂದ ಮರುಲೆಕ್ಕ ಮಾಡಿ ಕೊಡುತ್ತೇವೆ, ಅದಕ್ಕೆ ಶುಲ್ಕವಿಲ್ಲ. ಮಾದರಿ ತೆಗೆಯಬೇಕಿದ್ದ ವೇಳೆಯ ಬದಲು ನಿಜವಾಗಿ ತೆಗೆದ ವೇಳೆಯನ್ನು ನಿಮಿಷದ ಸಮೇತ ಚೀಟಿಯಲ್ಲಿ ಬರೆಯುವುದನ್ನು ಮಾತ್ರ ತಪ್ಪಿಸಬೇಡಿ, ಎರಡೂ ಸೂತ್ರಗಳಲ್ಲಿ ಗುಣಾಕಾರಕ್ಕೆ ಬರುವುದು ಆ ವೇಳೆಯೇ.

ಇಂತಿ,
ವಿಶ್ಲೇಷಣಾ ವಿಭಾಗ